ಅವಲಕ್ಕಿ ಕುಟ್ಟುವವರ ಮನೆಯ ನೀರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನಾನು ದಿನಚರಿ ಬರೆಯುತ್ತಿರಲಿಲ್ಲ. ಬರೆಯುವ ಅಭ್ಯಾಸ ಹತ್ತಿದ್ದು ಮೈಸೂರಿನಲ್ಲಿ ಓದಲು ಹೋದ ಮೇಲೆ. ಆದ್ದರಿಂದ ಸಾಗರದ ಆ ಬಾಡಿಗೆ ಮನೆಯ ಬಗ್ಗೆ ನನ್ನಲ್ಲಿರುವುದು ನೆನಪು ಮಾತ್ರ, ಮತ್ತು ನೆನಪು ತನಗೆ ಬೇಕಾದಂತೆ ಸಾಮಾನು ಸರಿಸಿಡುತ್ತದೆ ಎಂಬುದನ್ನು ನಾನು ಬಲ್ಲೆ. ಮಂಚ ಇದ್ದದ್ದು ಕಿಟಕಿಯ ಎಡಕ್ಕೆ ಎಂದು ನನಗನ್ನಿಸುತ್ತದೆ. ಅಪ್ಪಯ್ಯ ಬದುಕಿದ್ದಾಗ ಬಲಕ್ಕೆ ಎನ್ನುತ್ತಿದ್ದ. ಬೇಸಿಗೆ ಮುಗಿಯುತ್ತ ಬಂದಿತ್ತು ಎಂದು ನಾನು ಅಂದುಕೊಂಡಿದ್ದೇನೆ. ಆದರೆ ಆಯಿಯ, ಎಂದರೆ ನನ್ನ ಅಮ್ಮನ, ಕಾಲಿಗೆ ಕಂಬಳಿ ಹೊದಿಸಿದ್ದೂ ನೆನಪಿದೆ. ಎರಡೂ ಒಟ್ಟಿಗೆ ಹೊಂದುವುದಿಲ್ಲ.

ಶಬ್ದದ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಎರಡು ಒನಕೆಗಳು ಒಂದಾದ ಮೇಲೊಂದು ಬೀಳುವ ಶಬ್ದ ಅದು. ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು. ನೆಲದಿಂದ ಗೋಡೆಗೆ, ಗೋಡೆಯಿಂದ ಮಂಚಕ್ಕೆ ಹತ್ತುತ್ತಿತ್ತು. ಗೂಡಿನಲ್ಲಿಟ್ಟ ಔಷಧದ ಸೀಸೆ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು.

ನಮ್ಮದು ಒಂದೇ ಮಾಡಿನ ಕೆಳಗಿನ ಎರಡು ಮನೆಗಳಲ್ಲಿ ಒಂದು. ನಡುವೆ ಒಂದು ಮಣ್ಣಿನ ಗೋಡೆ. ಹಿಂದೆ ಹಿತ್ತಲು, ಹಿತ್ತಲಿನ ಬೇಲಿಯ ಗೆರೆಯ ಮೇಲೆ ಎರಡೂ ಮನೆಗೆ ಸೇರಿದ ಒಂದೇ ಬಾವಿ. ಬಾವಿಗೆ ಆಚೆ ಕಡೆ ಅವರ ಗಡಗಡೆ, ಈಚೆ ಕಡೆ ನಮ್ಮದು. ಅಪ್ಪಯ್ಯ ಊರಿನ ಶಾಲೆಯಲ್ಲಿ ಮೇಷ್ಟ್ರು. ನಾನು ಆ ವರ್ಷ ಪರೀಕ್ಷೆ ಮುಗಿಸಿ, ಮುಂದೆ ಕಾಲೇಜಿಗೆ ಕಳಿಸುತ್ತಾರೋ ಇಲ್ಲವೋ ತಿಳಿಯದೆ ಮನೆಯಲ್ಲಿದ್ದೆ. ಆಯಿಗೆ ಹೃದಯದ ಕಾಯಿಲೆ. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ರಾತ್ರಿಯೆಲ್ಲ ದಿಂಬುಗಳಿಗೆ ಒರಗಿ ಕೂತಿರುವಳು. ಬಿಸಿಲು ಏರಿದ ಮೇಲೆ, ಏಕೆಂದು ವೈದ್ಯರಿಗೂ ಗೊತ್ತಿರಲಿಲ್ಲ, ಅವಳಿಗೆ ಉಸಿರು ಸ್ವಲ್ಪ ಸಡಿಲವಾಗಿ ಕಣ್ಣು ಹತ್ತುತ್ತಿತ್ತು. ಮಧ್ಯಾಹ್ನದವರೆಗಿನ ಆ ಒಂದು ನಿದ್ದೆಯೇ ಅವಳಿಗೆ ಇದ್ದದ್ದು. ಇದಕ್ಕಿಂತ ದೊಡ್ಡ ಔಷಧ ನನ್ನಲ್ಲಿಲ್ಲ, ಮಲಗಲು ಬಿಡಿ ಎಂದು ವೈದ್ಯರು ಹೇಳಿದ್ದರು.

ಆ ಹೊತ್ತಿಗೇ ಆಚೆ ಮನೆಯಲ್ಲಿ ಕುಟ್ಟುವುದು ಶುರುವಾಗುತ್ತಿತ್ತು.

ಆಚೆ ಮನೆಯವರು ಶರಾವತಿ ಕಣಿವೆಯಿಂದ ಬಂದವರು. ಅಲ್ಲಿ ಗೇಣಿಗೆ ಗದ್ದೆ ಮಾಡಿಕೊಂಡಿದ್ದರಂತೆ. ಅಣೆಕಟ್ಟಿನ ನೀರು ಏರಿ ಗದ್ದೆ, ಮನೆ, ದೇವರ ಬನ ಎಲ್ಲವೂ ಹೋಯಿತು. ಬದಲಿ ಜಮೀನು ಎಲ್ಲೋ ಸಿಗುತ್ತದೆ ಎಂದು ಕಾಯುತ್ತ, ಅಲ್ಲಿಯವರೆಗೆ ಹೊಟ್ಟೆಗೆ ಬೇಕಲ್ಲ ಎಂದು ಅವಲಕ್ಕಿ ಕುಟ್ಟಿ ಹೋಟೆಲುಗಳಿಗೆ ಕೊಡುತ್ತಿದ್ದರು. ಮನೆ ನಡೆಸುತ್ತಿದ್ದವಳು ಆಯಿಯ ವಯಸ್ಸಿನ, ಗಟ್ಟಿ ತೋಳುಗಳ ಒಬ್ಬ ಹೆಂಗಸು. ಅವಳೂ ಅವಳ ಸೊಸೆಯೂ ಎದುರುಬದುರು ನಿಂತು ಕುಟ್ಟುತ್ತಿದ್ದರು. ಗಂಡ ಮಾತು ಕಡಿಮೆಯ ಮನುಷ್ಯ. ಜಗಲಿಯ ಮೇಲೆ ಕೂತು ಬೀದಿಯನ್ನು ನೋಡುವನು, ಬೀದಿಯಲ್ಲಿ ಏನೂ ಇಲ್ಲದಿದ್ದರೂ.

ಮಂಚವನ್ನು ಬೇರೆ ಕಡೆ ಹಾಕಬಹುದಿತ್ತಲ್ಲ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಹಾಕಿ ನೋಡಿದ್ದೆವು. ಇನ್ನೊಂದು ಕೋಣೆಗೆ ಕಿಟಕಿ ಇರಲಿಲ್ಲ, ಒಲೆಯ ಹೊಗೆ ಅಲ್ಲಿಗೇ ಬರುತ್ತಿತ್ತು. ಆಯಿ ಅಲ್ಲಿ ಅರ್ಧ ದಿನ ಕೂಡ ಇರಲಾರದೆ ಹೋದಳು.

ಮೊದಲು ಮಾತಾಡಲು ಹೋದವನು ಅಪ್ಪಯ್ಯ. ಅವನು ಒರಟನಲ್ಲ. ಶಾಲೆಯಲ್ಲೂ ಬೆತ್ತ ಹಿಡಿಯದವನು. ಬೆಳಿಗ್ಗೆ ಶಾಲೆಗೆ ಹೊರಟವನು, ಕೋಟು ಹಾಕಿಕೊಂಡೇ, ಕೊಡೆ ಹಿಡಿದೇ ಅವರ ಜಗಲಿಯ ಕೆಳಗೆ ನಿಂತ. ನಾನು ನಮ್ಮ ಬಾಗಿಲಿನಲ್ಲಿದ್ದೆ. ಆ ಹೆಂಗಸು ಒನಕೆಯನ್ನು ಗೋಡೆಗೆ ಒರಗಿಸಿ ಹೊರಗೆ ಬಂದಳು. ಮಾತು ಕೇಳುವ ಮೊದಲು ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲದ ಚೂರು, ಒಂದು ತಂಬಿಗೆ ನೀರು ತಂದು ಜಗಲಿಯ ಅಂಚಿಗೆ ಇಟ್ಟಳು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ ನೀರು. ಅದನ್ನು ಬಾಯಿಗೆ ಹಾಕಿಕೊಂಡ ಮೇಲೆಯೇ ಬಂದ ಕೆಲಸದ ಮಾತು.

ಅಪ್ಪಯ್ಯ ಅದರ ಕಡೆ ನೋಡಿ, ಈಗಷ್ಟೇ ಆಯಿತು, ಬೇಡ ಎಂದ. ಎಲ್ಲರೂ ಹಾಗೇ ಹೇಳುತ್ತಿದ್ದರು. ನಾವು ಬ್ರಾಹ್ಮಣರು, ಅವರು ಅಲ್ಲ. ಅವರ ಮನೆಯ ನೀರನ್ನು ನಾವು ಕುಡಿಯುತ್ತಿರಲಿಲ್ಲ. ಅದು ಅವಮಾನ ಎಂದು ನಮಗೆ ಹೊಳೆದೇ ಇರಲಿಲ್ಲ. ಬಾವಿ ಒಂದೇ. ತಂಬಿಗೆಯಲ್ಲಿದ್ದ ನೀರು ನಾವು ಬೆಳಿಗ್ಗೆ ಸೇದಿದ ನೀರೇ. ಬಸ್‌ಸ್ಟ್ಯಾಂಡಿನ ಬಳಿಯ ಹೋಟೆಲಿನಲ್ಲಿ ಅಪ್ಪಯ್ಯ ಆಗೀಗ ಮೊಸರು ಹಾಕಿಸಿಕೊಂಡು ತಿನ್ನುತ್ತಿದ್ದ ಅವಲಕ್ಕಿಯೂ ಅವಳೇ ಕುಟ್ಟಿದ್ದು. ಇದನ್ನೆಲ್ಲ ನಾನು ಆಗ ಯೋಚಿಸಿದೆನೋ, ಆಮೇಲೆ ಓದಿಕೊಂಡ ಮೇಲೆ ಯೋಚಿಸಿ ಆ ದಿನದ ತಲೆಗೆ ಹೊರಿಸಿದೆನೋ ಹೇಳಲಾರೆ.

ಅಪ್ಪಯ್ಯ ಶುದ್ಧ ಪುಸ್ತಕದ ಕನ್ನಡದಲ್ಲಿ, ಮನೆಯಲ್ಲಿ ಕಾಯಿಲೆಯವರಿದ್ದಾರೆ, ದಯವಿಟ್ಟು ಶಬ್ದವನ್ನು ಕಡಿಮೆ ಮಾಡಬೇಕು ಎಂದ. ಒನಕೆಯ ಶಬ್ದವನ್ನು ಕಡಿಮೆ ಮಾಡುವುದು ಹೇಗೆ ಎಂದು ಅವಳು ಕೇಳಲಿಲ್ಲ. ತಲೆಯಾಡಿಸಿದಳು. ಅಪ್ಪಯ್ಯ ಕೊಡೆ ಬೀಸಿಕೊಂಡು ಶಾಲೆಗೆ ಹೋದ. ಅವಳು ತಂಬಿಗೆ ಎತ್ತಿ, ನೀರನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದಳು. ಒನಕೆ ಮತ್ತೆ ಶುರುವಾಯಿತು.

ಅಂದಿನಿಂದ ಎರಡು ಮನೆಗಳ ನಡುವೆ ಏನೋ ಹೆಪ್ಪುಗಟ್ಟಿತು. ಜಗಳವಿಲ್ಲ, ಬೈಗುಳವಿಲ್ಲ. ಬಾವಿಯ ಬಳಿ ನಮ್ಮನ್ನು ಕಂಡರೆ ಅವರ ಸೊಸೆ ಅರ್ಧ ಸೇದಿದ ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಹೋಗುವಳು. ಮೊದಲು ಬೇಲಿಯ ಮೇಲಿಂದ ಬಸಳೆಯ ಕುಡಿ ಕೊಡುತ್ತಿದ್ದವರು ನಿಲ್ಲಿಸಿದರು. ನಾವೂ ಮಜ್ಜಿಗೆ ಕೊಡುವುದನ್ನು ನಿಲ್ಲಿಸಿದೆವು, ಯಾರು ಮೊದಲು ನಿಲ್ಲಿಸಿದ್ದು ಎಂದು ನನಗೆ ಗೊತ್ತಿಲ್ಲ. ಒನಕೆ ಮೊದಲಿಗಿಂತ ಜೋರಾಗಿದೆ ಎಂದು ಅಪ್ಪಯ್ಯ ಹೇಳಿದ. ನನಗೂ ಹಾಗೇ ಕೇಳಿಸಿತು. ನಿಜಕ್ಕೂ ಜೋರಾಗಿತ್ತೋ, ಹಗೆಯ ಕಿವಿಗೆ ಎಲ್ಲವೂ ಜೋರಾಗಿಯೇ ಕೇಳುತ್ತದೆಯೋ.

ಆ ಹೊತ್ತಿನಲ್ಲಿ ತೀರ್ಥಹಳ್ಳಿಯಿಂದ ಮಾವ, ಎಂದರೆ ಆಯಿಯ ಅಣ್ಣ, ತಂಗಿಯನ್ನು ನೋಡಲು ಬಂದ. ಅದೇ ವಾರ ರಿಪ್ಪನ್‌ಪೇಟೆಯ ಬಸ್ಸಿನಲ್ಲಿ ನನ್ನ ಅತ್ತೆಯೂ ಬಂದಳು, ಆಯಿಯ ಆರೈಕೆಗೆಂದು ಉಳಿಯುವುದಕ್ಕೆ. ಅತ್ತೆ ಅಪ್ಪಯ್ಯನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಹೊಸನಗರದ ಕಡೆಯ ತವರಿನಲ್ಲೇ ಬೆಳಗಿನಿಂದ ಸಂಜೆಯವರೆಗೆ ದುಡಿದವಳು. ಮಡಿಯ ವಿಷಯದಲ್ಲಿ ನಮ್ಮ ಇಡೀ ಸಂಸಾರದಲ್ಲಿ ಅವಳಷ್ಟು ಬಿಗಿಯವರು ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ಮನೆಯ ಬಾವಿಯ ನೀರನ್ನು ತಂಬಿಗೆಯಲ್ಲಿ ತುಂಬಿ, ಬಾಯಿಗೆ ಬಾಳೆಲೆ ಕಟ್ಟಿ ತರುವಳು. ಅದು ಖಾಲಿಯಾದರೆ ಇಳಿಯುವವರೆಗೆ ಬಾಯಿ ಒಣಗಿಸಿಕೊಂಡು ಕೂರುವಳು. ನಮ್ಮ ಮನೆಯಲ್ಲಿಯೂ ಅವಳಿಗೆ ತನ್ನದೇ ಲೋಟ, ತನ್ನದೇ ಕೊಡ.

ಮಾವ ಒನಕೆಯ ಶಬ್ದ ಕೇಳಿದ್ದೇ ಎದ್ದು ಕೂತ. ಮುನ್ಸಿಪಾಲ್ಟಿಗೆ ಒಂದು ಅರ್ಜಿ ಹಾಕು, ಮನೆ ಬಾಡಿಗೆಗೆ ಕೊಟ್ಟ ಯಜಮಾನನಿಗೆ ಒಂದು ಮಾತು ಹೇಳು, ಒರಳಿನ ಸಮೇತ ಗಾಡಿ ಹತ್ತುತ್ತಾರೆ ಎಂದ. ಯಜಮಾನ ನಮ್ಮವನೇ ಅಲ್ಲವೇ, ಮೇಷ್ಟ್ರ ಮಾತು ಕೇಳದೆ ಇರುತ್ತಾನೆಯೇ ಎಂದ. ಮಾವನಿಗೆ ಇಂಥ ವಿಷಯಗಳಲ್ಲಿ ಅನುಭವವಿತ್ತು. ಅವನ ಪಕ್ಕದ ಮನೆಯ ನಾಯಿ ಬೊಗಳುತ್ತದೆ ಎಂದು ಶುರುವಾದದ್ದು ಬೇಲಿಗೆ ಹೋಗಿ, ಬೇಲಿಯಿಂದ ಕೋರ್ಟಿಗೆ ಹೋಗಿತ್ತು.

ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತದೆ ಕೇಳಿದಳು. "ನಿನ್ನ ನಾಯಿ ಕೇಸು ಎಂತಾತು?"

"ನಡೀತಾ ಇದ್ದು."

"ನಾಯಿ?"

"ಅದು ಸತ್ತು ಸುಮಾರು ಕಾಲ ಆತು."

ಆಯಿ ನಕ್ಕಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು, ಆದ್ದರಿಂದ ಅವಳನ್ನು ನಗಿಸಬೇಡಿ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಕೆಮ್ಮು ನಿಂತ ಮೇಲೆ ಅಪ್ಪಯ್ಯನ ಕಡೆ ನೋಡಿ ಅಂದಳು. "ಅವರ ಮನೆ ಒಂದ್ಸಲ ನೀರಲ್ಲಿ ಹೋಯ್ದು. ನನ್ನ ನಿದ್ದೆಗೋಸ್ಕರ ಇನ್ನೊಂದ್ಸಲ ಎಬ್ಸಡಿ."

ಅರ್ಜಿಯ ಮಾತು ಅಲ್ಲಿಗೆ ನಿಂತಿತು. ಆದರೆ ಆಯಿಯ ಕಣ್ಣಿನ ಸುತ್ತ ಕಪ್ಪು ಏರುತ್ತಲೇ ಇತ್ತು. ಮಾತಿನ ನಡುವೆ ಅವಳು ತೂಗಿ ಬಿದ್ದು, ಒನಕೆಯ ಪೆಟ್ಟಿಗೆ ಬೆಚ್ಚಿ ಏಳುವುದನ್ನು ನಾವೆಲ್ಲ ನೋಡುತ್ತಿದ್ದೆವು.

ಅತ್ತೆ ಒಂದು ಇಡೀ ದಿನ ಏನೂ ಹೇಳದೆ ಆ ಶಬ್ದವನ್ನು ಕೇಳಿದಳು. ಕೆಲಸ ಮಾಡುತ್ತಲೇ ಕೇಳಿದಳು. ಒನಕೆಯ ಹೊಡೆತ ಎಲ್ಲಿ ಶುರು, ಎಲ್ಲಿ ನಿಲ್ಲುತ್ತದೆ, ನಡುವೆ ಮೊರದಲ್ಲಿ ಕೇರುವ ಸದ್ದು ಎಷ್ಟು ಹೊತ್ತು, ಮತ್ತೆ ಹುರಿದ ಭತ್ತ ಒರಳಿಗೆ ಬೀಳುವುದು ಯಾವಾಗ. ಅವಳು ಹೇಳಿದ ಮೇಲೆ ನನಗೂ ಅದೊಂದು ಗೋಜಲು ಗದ್ದಲವಾಗಿ ಕೇಳಿಸದೆ, ಒಂದು ಕೆಲಸವಾಗಿ ಕೇಳಿಸತೊಡಗಿತು. ಹಿಂದಿನ ದಿನ ಬಿಸಿನೀರಿನಲ್ಲಿ ನೆನೆಹಾಕಿದ ಭತ್ತವನ್ನು ಬಸಿದು, ಮಣ್ಣಿನ ಓಡಿನಲ್ಲಿ ಹುರಿದು, ಬಿಸಿ ಇರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು. ಬಿಸಿ ಆರಿದರೆ ಕಾಳು ಚಪ್ಪಟೆಯಾಗದೆ ಒಡೆದು ನುಚ್ಚಾಗುತ್ತದೆ.

"ನೀನು ಹೋಗಿ ನಿಂತಾಗ ಒರಳಲ್ಲಿ ಬಿಸಿ ಭತ್ತ ಇತ್ತು" ಎಂದಳು ಅಪ್ಪಯ್ಯನಿಗೆ. "ಆಗ ಹೋಗಿ ನಿಲ್ಸು ಹೇಳಿರೆ ಅವಳು ಎಂತ ಮಾಡವು? ಕಡಿಮೆ ಮಾಡು ಹೇಳದೂ ಒಂದು ಮಾತಾ? ಒನಕೆ ಎಂತ ರೇಡಿಯೋನಾ, ಕಿವಿ ತಿರುಗ್ಸಕ್ಕೆ?"

ಹಾಗಾದರೆ ಏನು ಕೇಳಬೇಕು ಎಂದ ಅಪ್ಪಯ್ಯ.

"ಹೊತ್ತು ಕೇಳವು. ನಿಲ್ಸದು ಅವಳ ಕೈಲಿಲ್ಲೆ. ಯಾವಾಗ ಶುರು ಮಾಡದು ಹೇಳದು ಅವಳ ಕೈಲಿದ್ದು."

ಆಮೇಲೆ ಅವಳು ನನ್ನನ್ನು ಕರೆದು ನಮ್ಮ ಗಡಗಡೆಗೆ ಎಣ್ಣೆ ಹಾಕಿಸಿದಳು. ತೆಂಗಿನೆಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅದರ ಅಚ್ಚನ್ನು ಚೆನ್ನಾಗಿ ಒರೆಸಿಸಿದಳು. ನಮ್ಮ ಗಡಗಡೆ ಕಿರುಚುತ್ತದೆ ಎಂಬುದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಶಬ್ದ ನಮಗೆ ಕೇಳುವುದಿಲ್ಲ. ಮಡಿ ನೀರು ಬೇಕೆಂದು ನಾವು ಬೆಳಕು ಹರಿಯುವ ಮೊದಲೇ ಸೇದುತ್ತಿದ್ದೆವು, ಮತ್ತು ಅವರು ಮಲಗುತ್ತಿದ್ದ ಹಿಂದಿನ ಪಡಸಾಲೆ ಬಾವಿಗೆ ಹತ್ತಿರವೇ ಇತ್ತು.

ಮಾತಾಡಲು ಅತ್ತೆ ಹೊರಟದ್ದು ಇಳಿಹೊತ್ತಿನಲ್ಲಿ. ಆ ದಿನದ ಕುಟ್ಟುವುದೆಲ್ಲ ಮುಗಿದು, ಅವರು ಹಿತ್ತಿಲ ಮೆಟ್ಟಿಲಿನ ಮೇಲೆ ಕೂತು ಅವಲಕ್ಕಿಯಲ್ಲಿ ಉಳಿದ ಭತ್ತ ಆರಿಸುತ್ತಿರುವ ಹೊತ್ತನ್ನು ಅವಳು ಗೊತ್ತುಮಾಡಿಕೊಂಡಿದ್ದಳು. ಬೀದಿ ಬಾಗಿಲಿಗೆ ಹೋಗಲಿಲ್ಲ. ಬೀದಿಯಲ್ಲಿ ನಿಂತು ಕೇಳಿದ ಮಾತಿಗೆ ಬೀದಿಯವರೆಲ್ಲ ಸಾಕ್ಷಿಯಾಗುತ್ತಾರೆ, ಆಮೇಲೆ ಒಪ್ಪಿದರೆ ಸೋತಂತೆ ಆಗುತ್ತದೆ ಎಂದಳು. ಅಪ್ಪಯ್ಯ ಬರುತ್ತೇನೆ ಎಂದರೆ ಬೇಡ ಎಂದಳು. ನನ್ನನ್ನು ಮಾತ್ರ ಕರೆದುಕೊಂಡು, ಬಾವಿಯ ಪಕ್ಕದಲ್ಲಿ ಬೇಲಿ ದಾಟಲು ಇದ್ದ ದಣಪೆ ದಾಟಿ ಅವರ ಹಿತ್ತಿಲಿಗೆ ಹೋದಳು.

ಆ ಹೆಂಗಸು ಎದ್ದು ನಿಂತಳು. ಸೊಸೆ ಒಳಗೆ ಸರಿದಳು. ಅತ್ತೆ ಯಾರೂ ಹೇಳದೆಯೇ ಮೆಟ್ಟಿಲಿನ ಮೇಲೆ ಕೂತು, ಎದುರಿಗಿದ್ದ ಮೊರವನ್ನು ತನ್ನ ಕಡೆ ಎಳೆದುಕೊಂಡು ಭತ್ತ ಆರಿಸತೊಡಗಿದಳು. ನನಗೆ ಇದು ಆಶ್ಚರ್ಯ. ಸ್ವಲ್ಪ ಹೊತ್ತು ಇಬ್ಬರೂ ಆರಿಸಿದರು. ಯಾವ ಭತ್ತ, ಎಷ್ಟು ಹೊತ್ತು ನೆನೆಯಬೇಕು, ಸಾಗರದ ಸೌದೆ ಹಸಿಯೋ ಒಣಗಿದ್ದೋ, ಇಂಥ ಮಾತುಗಳು. ಅತ್ತೆಯೂ ತವರಿನಲ್ಲಿ ಬೇಕಾದಷ್ಟು ಕುಟ್ಟಿದವಳು. ಭುಜ ಹಿಡಿದುಕೊಂಡರೆ ಯಾವ ಎಣ್ಣೆ ಹಚ್ಚಬೇಕು ಎಂದು ಇಬ್ಬರೂ ಚರ್ಚಿಸಿದರು.

ಆಮೇಲೆ ಅತ್ತೆ ಅಂದಳು. "ನಮ್ಮ ಗಡಗಡೆ ಬೆಳಗಾ ಮುಂಚೆ ಕೂಗಿ ನಿಮ್ಮ ನಿದ್ದೆ ಹಾಳು ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ ತಂಗಿ. ಇವತ್ತು ಎಣ್ಣೆ ಹಾಕ್ಸಿದೀನಿ."

ಆ ಹೆಂಗಸು ಆರಿಸುವುದನ್ನು ನಿಲ್ಲಿಸಿದಳು. ಇಷ್ಟು ದಿನ ಅದನ್ನು ಕೇಳಿಸಿಕೊಂಡೂ ನಾನು ಒಂದು ಮಾತು ಹೇಳಲಿಲ್ಲ, ಕಾಯಿಲೆಯ ಮನೆ, ಬಿಸಿನೀರು ಬೇಕಾಗುತ್ತದೆ ಎಂದುಕೊಂಡೆ ಎಂದಳು. ಅತ್ತೆ ಹೌದೆಂದು ತಲೆಯಾಡಿಸಿದಳು. ಆಯಿಯ ವಿಷಯ ಆಗ ಹೇಳಿದಳು. ಕಾಯಿಲೆ ಯಾವುದು, ರಾತ್ರಿ ಹೇಗೆ ಕೂತಿರುತ್ತಾಳೆ, ಯಾವ ಹೊತ್ತಿಗೆ ಕಣ್ಣು ಮುಚ್ಚುತ್ತಾಳೆ ಎಂದು. ಮಂಚ ಎಲ್ಲಿದೆ, ಒರಳು ಎಲ್ಲಿದೆ ಎಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸಿದಳು. ಬಿಸಿಲು ಏರುವ ಮೊದಲು ಒಂದಿಷ್ಟು, ಶಾಲೆಯ ಊಟದ ಗಂಟೆ ಹೊಡೆದ ಮೇಲೆ ಉಳಿದದ್ದು, ಹಾಗೆ ಮಾಡಲು ಆಗುತ್ತದೆಯೋ ನೋಡು ಎಂದಳು. ಮಾಡು ಎನ್ನಲಿಲ್ಲ.

ಆ ಹೆಂಗಸು ನಿಧಾನವಾಗಿ ಮಾತಾಡಿದಳು. ದನಿ ಏರಿಸಲಿಲ್ಲ.

"ಹೊತ್ತು ಬದಲು ಮಾಡದು ಕಷ್ಟ ಅಲ್ಲ ಅಮ್ಮ. ಮಾಷ್ಟ್ರು ಬಂದಿದ್ರು. ನೀರು ಇಟ್ಟೆ. ಮುಟ್ಟಲಿಲ್ಲ. ನೀರು ಮುಟ್ಟದ ಮನೆಗೆ ಬಂದು ಉಪಕಾರ ಕೇಳ್ಬೋದಾ, ನೀವೇ ಹೇಳಿ. ನಮ್ಮೂರೆಲ್ಲಾ ನೀರಾತು. ನಮ್ಮನೆ ತಂಬಿಗೆ ನೀರು ಮಾತ್ರ ಯಾರಿಗೂ ಬ್ಯಾಡ."

ಈ ಮಾತುಗಳು ನನಗೆ ಹೀಗೇ ನೆನಪಿವೆ. ಒಂದೆರಡು ಪದ ಆಚೀಚೆ ಆಗಿರಬಹುದು.

ಆ ಹೆಂಗಸು ಒಳಗೆ ತಿರುಗಿ ಸೊಸೆಗೆ ಏನೋ ಹೇಳಿದಳು. ಸೊಸೆ ಬಂದು ಮೆಟ್ಟಿಲಿನ ಮೇಲೆ, ನನ್ನ ಅತ್ತೆಯ ಮೊಣಕಾಲಿನ ಹತ್ತಿರ, ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ಇಟ್ಟು ಹೋದಳು. ಹಿತ್ತಾಳೆ ತಂಬಿಗೆ, ಹುಣಿಸೆ ಹಾಕಿ ಬೆಳಗಿದ್ದು. ಅತ್ತೆ ಅದನ್ನು ನೋಡಿದಳು. ಮೊರವನ್ನು ಕೆಳಗಿಟ್ಟಳು. ಸೆರಗಿನಿಂದ ಬೆರಳು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕೂಸೇ, ಆಯಿಗೆ ಗಂಜಿ ಹೊತ್ತಾತು. ನೀನು ಹೋಗು."

ಗಂಜಿಯ ಹೊತ್ತಾಗಿರಲಿಲ್ಲ. ನಾನು ಹೋದೆ. ದಣಪೆಯ ಬಳಿ ತಿರುಗಿ ನೋಡಿದೆನೇ? ನೋಡಿದೆ ಎಂದು ಕೆಲವೊಮ್ಮೆ ಅನ್ನಿಸುತ್ತದೆ, ಅತ್ತೆಯ ಬೆನ್ನು ಮಾತ್ರ ಕಂಡಿತು ಎಂದೂ. ಅದು ನೋಡಿದ್ದೋ, ನೋಡಬೇಕಿತ್ತು ಎಂಬ ಆಸೆಯಿಂದ ಹುಟ್ಟಿದ್ದೋ.

ಅತ್ತೆ ದೀಪ ಹಚ್ಚುವ ಹೊತ್ತಿಗೆ ಮರಳಿದಳು. ಬಂದವಳೇ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹಾಕಿಕೊಂಡಳು. ಇದರಿಂದ ಏನೂ ತಿಳಿಯುವುದಿಲ್ಲ, ಪೇಟೆಗೆ ಹೋಗಿ ಬಂದರೂ ಅವಳು ಹಾಗೇ ಮಾಡುತ್ತಿದ್ದಳು. ಅಂದು ರಾತ್ರಿ ಅವಳು ಊಟ ಮಾಡಲಿಲ್ಲ. ಏಕಾದಶಿ ಇದ್ದೀತು. ಹಳೆಯ ಪಂಚಾಂಗ ಹುಡುಕಿ ನೋಡೋಣ ಎಂದುಕೊಂಡವಳು, ಆ ತಿಂಗಳು ಯಾವುದು ಎಂಬುದೇ ಖಚಿತವಿಲ್ಲದೆ ಬಿಟ್ಟುಬಿಟ್ಟೆ.

ಒಪ್ಪಿದರಾ ಎಂದು ಅಪ್ಪಯ್ಯ ಕೇಳಿದ್ದಕ್ಕೆ, ನಾಳೆ ಭತ್ತದ ಉಮಿ ತುಂಬಿದ ಎರಡು ಚೀಲ ಬೇಕು, ಒರಳು ಸರಿಸಲು ನೀನೂ ಕೈ ಹಾಕಬೇಕು ಎಂದಷ್ಟೇ ಹೇಳಿದಳು.

ಮರುದಿನ ಅಪ್ಪಯ್ಯನೂ ಆ ಹೆಂಗಸಿನ ಗಂಡನೂ ಸೇರಿ ಒರಳನ್ನು ನಮ್ಮ ಗೋಡೆಯ ಬುಡದಿಂದ ಕಿತ್ತು ಆಚೆಯ ಮೂಲೆಗೆ ಉರುಳಿಸಿದರು. ಕೆಳಗೆ ಉಮಿಯ ಚೀಲ ಹಾಸಿ ಅದರ ಮೇಲೆ ಕೂರಿಸಿದರು. ಆ ಮನುಷ್ಯ ಮಾತಾಡಿದ್ದನ್ನು ನಾನು ಕೇಳಿದ್ದು ಆಗ ಮಾತ್ರ. ಬೆರಳು ಜೋಪಾನ ಮಾಷ್ಟ್ರೇ ಎಂದ. ಅಪ್ಪಯ್ಯ ಕೋಟು ಬಿಚ್ಚಿಟ್ಟಿದ್ದ. ನಮ್ಮ ಸೌದೆ ಕೊಟ್ಟಿಗೆಯಲ್ಲಿ ಒಂದು ಬದಿ ಅವರ ಸೌದೆಗೆ ಬಿಟ್ಟುಕೊಟ್ಟೆವು, ಬೆಳಗಿನ ಕುಟ್ಟುವುದಕ್ಕೆ ಬೇಗ ಒಲೆ ಹಚ್ಚಬೇಕಲ್ಲ, ಒಣ ಸೌದೆ ಬೇಕು. ಬಿಸಿಲು ಏರುವುದರೊಳಗೆ ಒಂದು ಸಲ, ಊಟದ ಗಂಟೆಯ ಮೇಲೆ ಇನ್ನೊಂದು ಸಲ. ಉಮಿಯ ಮೇಲೆ ಕೂತ ಒರಳಿನ ಪೆಟ್ಟು ಈಗ ದೂರದ ಹಾದಿಯಲ್ಲಿ ಯಾರೋ ನಡೆದಂತೆ ಮಾತ್ರ ಕೇಳುತ್ತಿತ್ತು. ಸೀಸೆ ಕಿಣಿಗುಡಲಿಲ್ಲ.

ಅತ್ತೆ ಮನೆಯವರಿಗೆಲ್ಲ ಕೆಲವು ಮಾತು ಹೇಳಿಟ್ಟಳು. ಒಪ್ಪಿಸಿದೆವು ಎಂದು ಬೀದಿಯಲ್ಲಿ ಹೇಳಬಾರದು. ಒಂದು ದಿನ ತಪ್ಪಿ ಕುಟ್ಟಿದರೆ ಆ ಕಡೆ ತಿರುಗಿಯೂ ನೋಡಬಾರದು. ಹೀಗೆ ಒಂದು ಭಾನುವಾರ ತಪ್ಪಿತು ಕೂಡ. ಆಯಿ ಆಗಷ್ಟೇ ಕಣ್ಣು ಮುಚ್ಚಿದ್ದಳು, ಆಚೆಯಿಂದ ಒನಕೆ ಶುರುವಾಯಿತು. ಅಪ್ಪಯ್ಯ ಎದ್ದ. ಅತ್ತೆ ಅವನ ಅಂಗಿಯ ಚುಂಗು ಹಿಡಿದು, "ಕೂತ್ಕ ಮಾರಾಯ" ಎಂದಳು. ಆಯಿ ಎಚ್ಚರಗೊಂಡು ಮತ್ತೆ ಮಲಗಿದಳು. ಒಂದು ಒರಳು ಮುಗಿದದ್ದೇ ಸದ್ದು ನಿಂತಿತು. ಸಂಜೆ ಸೊಸೆ ತಾನಾಗಿ ಬೇಲಿಯ ಬಳಿ ಬಂದು, ಮದುವೆ ಮನೆಗೆ ಅರ್ಜೆಂಟಾಗಿ ಬೇಕಿತ್ತು ಎಂದು ಹೇಳಿ ಬಸಳೆಯ ಕುಡಿ ಕೊಟ್ಟು ಹೋದಳು. ಅಂದು ಅಪ್ಪಯ್ಯ ಎದ್ದು ಹೋಗಿದ್ದರೆ ಆ ಬಸಳೆ ಬರುತ್ತಿರಲಿಲ್ಲ, ಒಪ್ಪಂದವೂ ಉಳಿಯುತ್ತಿರಲಿಲ್ಲ.

ಆಯಿ ನಿದ್ದೆ ಮಾಡಿದಳು. ಕೆಲವು ವಾರ, ಬಿಸಿಲು ಮಂಚದ ಕಾಲನ್ನು ಮುಟ್ಟಿದಾಗಿನಿಂದ ಊಟದ ಗಂಟೆಯವರೆಗೆ, ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದಳು. ಮುಖದ ಕಪ್ಪು ತಿಳಿಯಾಯಿತು. ನಾನು ಪಕ್ಕದಲ್ಲಿ ಕೂತು ಓದುತ್ತಿದ್ದೆ, ಪುಟ ತಿರುಗಿಸುವ ಸದ್ದಿಗೂ ಹೆದರಿಕೊಂಡು. ಅವಳು ವಾಸಿಯಾಗುತ್ತಾಳೆ ಎಂದೇ ನಾನು ನಂಬಿದೆ. ಒಂದು ದಿನ ಅವಳು ಗಾಬರಿಯಿಂದ ಎದ್ದು, "ಅವರು ಮನೆ ಬಿಟ್ಟು ಹೋದ್ವ? ಸದ್ದೇ ಇಲ್ಲೆ" ಎಂದಳು. ಅತ್ತೆ, "ಇದ್ದ, ಎಲ್ಲೂ ಹೋಯ್ದ್ವಿಲ್ಲೆ, ಮಲಗು" ಎಂದು ಅವಳ ಕಾಲು ಒತ್ತಿದಳು.

ಅಂಥದ್ದೇ ಒಂದು ಬಿಸಿಲೇರಿದ ಹೊತ್ತಿನ ನಿದ್ದೆಯಲ್ಲಿ ಅವಳು ಹೋದಳು. ಊಟದ ಗಂಟೆ ಹೊಡೆಯಿತು. ಆಚೆ ಮನೆಯಲ್ಲಿ ಒರಳಿಗೆ ಭತ್ತ ಬಿತ್ತು, ಒನಕೆ ಶುರುವಾಯಿತು, ಆಯಿ ಏಳಲಿಲ್ಲ. ಗೋಡೆಯ ಈಚೆ ಅಳು ಕೇಳಿದ್ದೇ ಒನಕೆ ನಡುವಿನಲ್ಲೇ ನಿಂತಿತು. ಬಿಸಿ ಭತ್ತ ಒರಳಿನಲ್ಲೇ ಆರಿರಬೇಕು. ಆ ದಿನದ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ನೆನಪಿಲ್ಲ.

ಆಮೇಲೆ ಆಚೆ ಕಡೆಯಿಂದ ಸದ್ದೇ ಇಲ್ಲ. ಸೂತಕದ ದಿನಗಳು. ಬಂದವರು ಅಂಗಳದಲ್ಲೇ ನಿಂತು ಎರಡು ಮಾತಾಡಿ ಹೋಗುವರು. ಸೂತಕದ ಮನೆಯಲ್ಲಿ ಯಾರೂ ನೀರು ಕೇಳುವುದಿಲ್ಲ, ನಾವೂ ಕೊಡುವುದಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ಆ ಹೆಂಗಸು ದಣಪೆ ದಾಟಿ ಬಂದು ನಮ್ಮ ಹಿತ್ತಿಲ ಮೆಟ್ಟಿಲಿನ ಮೇಲೆ ಕೂತಳು. ಅತ್ತೆ ಹೊರಗೆ ಬಂದಳು. ಇಬ್ಬರೂ ಸ್ವಲ್ಪ ಹೊತ್ತು ಬಾವಿಯನ್ನು ನೋಡುತ್ತ ಕೂತರು.

"ಒಂದು ಗುಟುಕು ನೀರು ಕೊಡಿ ಅಮ್ಮ" ಎಂದಳು ಆ ಹೆಂಗಸು.

"ನಮಗೆ ಸೂತಕ."

"ಗೊತ್ತು."

ಅತ್ತೆ ಒಳಗೆ ಹೋಗಿ ಬೆಲ್ಲವನ್ನೂ ನೀರನ್ನೂ ತಂದಳು. ಯಾವ ಲೋಟದಲ್ಲಿ ತಂದಳು ಎಂದು ನೆನಪು ಮಾಡಿಕೊಳ್ಳಲು ನಾನು ಬಹಳ ಸಲ ಪ್ರಯತ್ನಿಸಿದ್ದೇನೆ. ಹೊರಗಿನವರಿಗೆಂದು ಬೇರೆ ಇಟ್ಟ ಲೋಟವೋ, ತನ್ನದೇ ಲೋಟವೋ. ನೆನಪಾಗುವುದಿಲ್ಲ. ಆ ಹೆಂಗಸು ಅದನ್ನು ಪೂರ್ತಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಾಳೆಯಿಂದ ಕುಟ್ಟು" ಎಂದಳು ಅತ್ತೆ.

"ಹೆಂಗೆ ಕುಟ್ಟದು ಅಮ್ಮ. ಕೈ ಬರಲ್ಲ."

"ಹೋಟೆಲಿನವರು ಬೇರೆಯವರ ಹತ್ರ ತಗಳ್ತಾರೆ. ಕುಟ್ಟು. ಈಗ ಯಾವ ಹೊತ್ತಿಗಾದ್ರೂ ಕುಟ್ಟು." ಅತ್ತೆ ಗೋಡೆಯ ಮೇಲೆ ಕೈಯಿಟ್ಟಳು. "ಈ ಮನೆ ಇಷ್ಟು ಸುಮ್ಮನಿದ್ರೆ ನಮಗೂ ಇರಕ್ಕಾಗಲ್ಲ."

ಮರುದಿನ ಬಿಸಿಲು ಏರುವ ಮೊದಲು ಒನಕೆ ಶುರುವಾಯಿತು. ಬಿಸಿಲು ಏರಿತು, ಅವರು ನಿಲ್ಲಿಸಿದರು. ಊಟದ ಗಂಟೆ ಹೊಡೆದ ಮೇಲೆ ಮತ್ತೆ ಶುರುಮಾಡಿದರು. ಯಾವ ಹೊತ್ತಿಗಾದರೂ ಎಂದು ಹೇಳಿದ್ದರೂ, ನಾವು ಆ ಮನೆ ಬಿಡುವವರೆಗೆ ಅವರು ಆಯಿಯ ಹೊತ್ತನ್ನು ಮುರಿಯಲಿಲ್ಲ. ಮಂಚ ಖಾಲಿಯಿತ್ತು. ಬಿಸಿಲು ಬಂದು ಅದರ ಕಾಲನ್ನು ಮುಟ್ಟಿ ಹೋಗುತ್ತಿತ್ತು. ಆ ಮೌನ ಒನಕೆಗಿಂತ ಜೋರಾಗಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ, ಅದು ಓದಿದವಳ ಮಾತು. ಆಗ ಅನ್ನಿಸಿದ್ದು ಇಷ್ಟೇ: ಅವರು ಈಗಲಾದರೂ ಕುಟ್ಟಬಾರದೇ?

ಮುಂದೆ ನನ್ನನ್ನು ಕಾಲೇಜಿಗೆ ಕಳಿಸಿದರು. ಅಪ್ಪಯ್ಯನಿಗೆ ತೀರ್ಥಹಳ್ಳಿಗೆ ವರ್ಗವಾಯಿತು, ಅವನಿಗೆ ಅಡಿಗೆ ಮಾಡಿಹಾಕಲು ಅತ್ತೆಯೂ ಹೋದಳು. ಆಚೆ ಮನೆಯವರಿಗೆ ಎಲ್ಲೋ ಕಾಡಿನ ಅಂಚಿನಲ್ಲಿ ಜಮೀನು ಸಿಕ್ಕಿತೆಂದು, ಒರಳನ್ನೂ ಗಾಡಿಯಲ್ಲಿ ಹೇರಿಕೊಂಡು ಹೋದರೆಂದು ಯಾರೋ ಹೇಳಿದರು. ಎಲ್ಲಿ ಎಂದು ನಾನು ವಿಚಾರಿಸಲಿಲ್ಲ.

ಅಪ್ಪಯ್ಯ ತೀರ್ಥಹಳ್ಳಿಯಲ್ಲಿ ಈ ಕಥೆಯನ್ನು ಬಂದವರಿಗೆ ಹೇಳುತ್ತಿದ್ದ. ನೆರೆಯವರೊಂದಿಗೆ ಹೇಗಿರಬೇಕು ಎಂಬ ಮಾತು ಬಂದಾಗ, ನಾನು ಹೋಗಿ ಸಮಾಧಾನವಾಗಿ ಒಂದು ಮಾತು ಹೇಳಿದೆ, ಒಳ್ಳೆಯ ಜನ, ಕೇಳಿದರು ಎನ್ನುವನು. ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ಹಾಗೇ ನೆನಪಿತ್ತು. ಅತ್ತೆ ಅಡಿಗೆಮನೆಯಲ್ಲಿ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆಯೂ ತಿದ್ದಲಿಲ್ಲ.

ಮೈಸೂರಿನಿಂದ ರಜೆಗೆ ಬಂದಿದ್ದ ಒಂದು ಸಂಜೆ, ಅಪ್ಪಯ್ಯ ಹಾಗೆ ಹೇಳಿ ಮುಗಿಸಿ ಬಂದವರ ಜೊತೆ ಹೊಳೆಯ ಕಡೆ ನಡೆದ ಮೇಲೆ, ನಾನು ಅತ್ತೆಯ ಎದುರು ಹೋಗಿ ಕೂತೆ. ಅವಳು ಬತ್ತಿ ಹೊಸೆಯುತ್ತಿದ್ದಳು. ಅವಳ ಲೋಟ, ಅವಳ ಕೊಡ ಎಂದಿನಂತೆ ಬೇರೆಯಾಗಿ ಗೋಡೆಯ ಬುಡದಲ್ಲಿದ್ದವು. ನಾನು ಕೇಳಿದ ಮೇಲೆ ಅವಳ ಬೆರಳು ಒಂದು ಕ್ಷಣ ನಿಂತು, ಮತ್ತೆ ಹೊಸೆಯತೊಡಗಿತು. ಆಮೇಲೆ ಅವಳು ಎಷ್ಟೋ ಕಾಲ ಬದುಕಿದ್ದಳು, ಎಷ್ಟೋ ಮಾತಾಡಿದಳು, ಇದಕ್ಕೆ ಮಾತ್ರ ಉತ್ತರ ಕೊಡಲಿಲ್ಲ.

"ಅತ್ತೆ, ಆ ದಿನ ನನ್ನ ಕಳ್ಸಿದ ಮೇಲೆ, ನೀನು ಅವರ ಮನೆ ನೀರು ಕುಡದ್ಯ?"